ರಾತ್ರಿ ಚಡಪಡಿಸುವ ಕಾಲು, ಬರಿದಾಗುವ ಕಣಜ



ದಿನವಿಡೀ ತರಗತಿ, ಬಸ್ಸು, ಗ್ರಂಥಾಲಯ ಎಂದು ಓಡಾಡಿದ ಕಾಲುಗಳು ರಾತ್ರಿ ಹಾಸಿಗೆ ಕಂಡೊಡನೆ ತಣ್ಣಗಾಗಬೇಕು. ಆದರೆ ಕೆಲವರ ಕಾಲುಗಳಿಗೆ ಆಗಲೇ ಬೆಳಗಾಗುತ್ತದೆ. ದೀಪ ಆರಿಸಿ ಮಲಗಿದ ಹತ್ತು ಹದಿನೈದು ನಿಮಿಷಕ್ಕೆ ಮೀನಖಂಡದ ಒಳಗೆಲ್ಲೋ ಇರುವೆ ಹರಿದಂತೆ, ಯಾರೋ ದಾರ ಹಿಡಿದು ಸೆಳೆದಂತೆ, ಎಲುಬಿನೊಳಗೆ ಜುಮುಗುಟ್ಟಿದಂತೆ ಆಗುತ್ತದೆ. ನೋವೇ ಎಂದು ಕೇಳಿದರೆ ನೋವಲ್ಲ, ತುರಿಕೆಯೇ ಎಂದರೆ ತುರಿಕೆಯೂ ಅಲ್ಲ. ಕಾಲನ್ನು ಅಲುಗಾಡಿಸದೆ ಇರಲಾಗುವುದಿಲ್ಲ, ಅಷ್ಟೇ. ಒದರಿದರೆ, ಮಡಚಿ ಚಾಚಿದರೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ಒಂದು ಕ್ಷಣ ಹಾಯೆನಿಸುತ್ತದೆ. ಮತ್ತೆ ಮಲಗಿದರೆ ಮತ್ತೆ ಅದೇ.

ನಮ್ಮ ಆರೋಗ್ಯ ಸಂವಾದದಲ್ಲಿ ವೈದ್ಯರನ್ನು ಈ ಬಗ್ಗೆ ಕೇಳುವ ವೀಕ್ಷಕರು ಸಾಮಾನ್ಯವಾಗಿ ಸಂಕೋಚದಿಂದಲೇ ಕೇಳುತ್ತಾರೆ. ಮನೆಯಲ್ಲಿ ಹೇಳಿದರೆ ದಣಿವು ಎನ್ನುತ್ತಾರೆ, ಹಾಸ್ಟೆಲಿನಲ್ಲಿ ಹೇಳಿದರೆ ಪರೀಕ್ಷೆಯ ಭಯ ಎನ್ನುತ್ತಾರೆ. ಚಿಕ್ಕ ಮಕ್ಕಳಾದರೆ ಬೆಳೆಯುವ ವಯಸ್ಸಿನ ಕಾಲುನೋವು ಎಂದು ಎಣ್ಣೆ ತಿಕ್ಕಿ ಮಲಗಿಸುತ್ತಾರೆ. ಆದರೆ ಇದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ: ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ನಮ್ಮ ಮಾತಿನಲ್ಲಿ ಚಡಪಡಿಸುವ ಕಾಲುಗಳ ತೊಂದರೆ ಎನ್ನೋಣ. ಇದರ ಮೂಲ ಕಾಲಿನಲ್ಲಿಲ್ಲ, ಮಿದುಳಿನಲ್ಲಿದೆ. ಅನೇಕರಲ್ಲಿ ಅದರ ಹಿಂದೆ ದೇಹದ ಕಬ್ಬಿಣಾಂಶದ ಕೊರತೆ ಇರುತ್ತದೆ. ಆ ಕೊರತೆ ಸಾಮಾನ್ಯ ರಕ್ತಪರೀಕ್ಷೆಯ ಕಣ್ಣಿಗೆ ಬೀಳದೆಯೂ ಇರಬಹುದು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಬಿಡಿಸಿ ಹೇಳಲಾಗದ ಈ ಕೊನೆಯ ಮಾತನ್ನು ಇಲ್ಲಿ ವಿವರವಾಗಿ ನೋಡೋಣ.

ಗುರುತಿಸುವುದು ಹೇಗೆ?

ಈ ತೊಂದರೆಯನ್ನು ಪತ್ತೆಮಾಡಲು ಎಕ್ಸ್‌ರೇ ಬೇಡ, ಸ್ಕ್ಯಾನ್ ಬೇಡ. ವೈದ್ಯರು ರೋಗಿಯ ಮಾತನ್ನು ಕೇಳಿಯೇ ನಿರ್ಧರಿಸುತ್ತಾರೆ. ಅವರು ಹುಡುಕುವ ಮುಖ್ಯ ಲಕ್ಷಣಗಳು ನಾಲ್ಕು. ಒಂದು, ಕಾಲನ್ನು ಅಲುಗಾಡಿಸಲೇಬೇಕೆಂಬ ತಡೆಯಲಾಗದ ಒತ್ತಡ. ಇದರ ಜೊತೆಗೆ ಸಾಮಾನ್ಯವಾಗಿ ಒಳಗೆ ಹರಿದಾಡಿದಂಥ ಹಿತವಲ್ಲದ ಅನುಭವ ಇರುತ್ತದೆ. ಎರಡು, ಸುಮ್ಮನೆ ಕುಳಿತಾಗ ಅಥವಾ ಮಲಗಿದಾಗ ಅದು ಶುರುವಾಗಬೇಕು, ಇಲ್ಲವೆ ಹೆಚ್ಚಾಗಬೇಕು. ಮೂರು, ನಡೆದಾಡಿದರೆ ಅಥವಾ ಕಾಲು ಚಾಚಿದರೆ ಪೂರ್ತಿಯಾಗಿಯೋ ಸ್ವಲ್ಪ ಮಟ್ಟಿಗೋ ಶಮನವಾಗಬೇಕು, ಕಡೇಪಕ್ಷ ಚಲನೆ ನಡೆಯುತ್ತಿರುವಷ್ಟು ಹೊತ್ತಾದರೂ. ನಾಲ್ಕು, ಸಂಜೆ ಮತ್ತು ರಾತ್ರಿಯ ಹೊತ್ತಿಗೆ ಹಗಲಿಗಿಂತ ಹೆಚ್ಚಾಗಬೇಕು. ಈ ನಾಲ್ಕೂ ಒಟ್ಟಿಗೆ ಇದ್ದು, ಅವಕ್ಕೆ ಬೇರೆ ಕಾರಣ ಕಾಣದಿದ್ದರೆ ಮಾತ್ರ ಇದು ಚಡಪಡಿಸುವ ಕಾಲುಗಳ ತೊಂದರೆ.

ಬೇರೆ ಕಾರಣ ಎಂದರೇನು? ರಾತ್ರಿ ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಂಡು ಗಟ್ಟಿ ಗಂಟಾಗುವುದು ನಿಮಗೆ ಗೊತ್ತಿರಬಹುದು. ಅಲ್ಲಿ ತೀವ್ರ ನೋವಿರುತ್ತದೆ, ಮುಟ್ಟಿದರೆ ಗಂಟು ಕೈಗೆ ಸಿಗುತ್ತದೆ, ಕೆಲವು ನಿಮಿಷದಲ್ಲಿ ಬಿಡುತ್ತದೆ. ಅದು ಬೇರೆ. ಚಕ್ಕಂಬಕ್ಕಳ ಹಾಕಿ ಕುಳಿತಾಗ ಜೋಮು ಹಿಡಿಯುವುದು ನರ ಅದುಮಿದ್ದರಿಂದ. ಭಂಗಿ ಬದಲಿಸಿದರೆ ಅದು ಹೋಗುತ್ತದೆ, ಮತ್ತೆ ಮತ್ತೆ ನಡೆದಾಡಬೇಕಾಗಿಲ್ಲ. ಮೇಜಿನ ಕೆಳಗೆ ಕಾಲು ಕುಣಿಸುತ್ತಾ ಓದುವುದು ಬರಿಯ ಅಭ್ಯಾಸ. ಹಿರಿಯರು ಗದರಿದರೆ ನಿಲ್ಲಿಸಬಹುದು, ನಿಲ್ಲಿಸಿದರೆ ಸಂಕಟವೇನೂ ಆಗುವುದಿಲ್ಲ. ಚಡಪಡಿಕೆಯವರಿಗೆ ನಿಲ್ಲಿಸುವುದೇ ಸಂಕಟ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ಬಸ್ಸಿನ ಇಕ್ಕಟ್ಟಾದ ಸೀಟು, ಎರಡೂವರೆ ಗಂಟೆಯ ಸಿನಿಮಾ, ಸಂಜೆಯ ದೀರ್ಘ ಉಪನ್ಯಾಸ, ಇವು ಅವರಿಗೆ ನಿಜಕ್ಕೂ ಪರೀಕ್ಷೆ.

ನಿದ್ದೆಯ ಮೇಲಾಗುವ ಪರಿಣಾಮವನ್ನು ಹಗುರವಾಗಿ ನೋಡಬಾರದು. ಹನ್ನೊಂದಕ್ಕೆ ಮಲಗಿದವರು ಒಂದು ಗಂಟೆಯವರೆಗೆ ಹೊರಳಾಡುತ್ತಾರೆ. ನಿದ್ದೆ ಹತ್ತಿದ ಮೇಲೂ ಇವರಲ್ಲಿ ಹೆಚ್ಚಿನವರ ಕಾಲು ಇಪ್ಪತ್ತು ಮೂವತ್ತು ಸೆಕೆಂಡಿಗೊಮ್ಮೆ ತಾನಾಗಿ ಜಗ್ಗುತ್ತಿರುತ್ತದೆ. ಅದು ಅವರಿಗೆ ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಮಾರನೆಯ ದಿನ ತರಗತಿಯಲ್ಲಿ ತೂಕಡಿಸಿದ ಹುಡುಗಿಯನ್ನು ಸೋಮಾರಿ ಎನ್ನುವ ಮೊದಲು ಅವಳ ರಾತ್ರಿ ಹೇಗೆ ಕಳೆಯಿತೆಂದು ಕೇಳುವುದು ಒಳ್ಳೆಯದು.

ಮುನ್ನೂರು ವರ್ಷದ ದೂರು

ಈ ದೂರು ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಾಸಿಗೆಯಲ್ಲಿ ಮಲಗಿದೊಡನೆ ಕೈಕಾಲುಗಳು ಜಗ್ಗಿ ನಿದ್ದೆಯೇ ಮಾಡಲಾಗದ ರೋಗಿಗಳ ಬಗ್ಗೆ ಬರೆದಿದ್ದಾನೆ. ಬಹುಕಾಲ ಅದನ್ನು ಮನಸ್ಸಿನ ಕಾಯಿಲೆ ಎಂದು ಬದಿಗೆ ಸರಿಸಲಾಗಿತ್ತು. ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೊಮ್ 1945ರಲ್ಲಿ ಇಂಥ ರೋಗಿಗಳನ್ನು ಕೂಲಂಕಷವಾಗಿ ಅಭ್ಯಸಿಸಿ, ಈಗ ಬಳಕೆಯಲ್ಲಿರುವ ಹೆಸರನ್ನು ಕೊಟ್ಟರು. ರಕ್ತಹೀನತೆ ಇರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ ಎಂಬುದನ್ನೂ ಗಮನಿಸಿದರು. ಈ ಎರಡು ಗುಂಪಿನವರಿಗೂ ಸಮಾನವಾಗಿ ಕಡಮೆ ಬೀಳುವ ವಸ್ತು ಯಾವುದೆಂದು ನೀವೇ ಊಹಿಸಬಲ್ಲಿರಿ: ಕಬ್ಬಿಣಾಂಶ.

ಎಕ್‌ಬೊಮ್ ಅವರ ದೇಶದವರೇ ಆದ ನಾರ್ಡ್‌ಲಾಂಡರ್ ಎಂಬ ವೈದ್ಯರು 1950ರ ದಶಕದ ಆರಂಭದಲ್ಲಿ ರೋಗಿಗಳ ರಕ್ತನಾಳಕ್ಕೆ ನೇರವಾಗಿ ಕಬ್ಬಿಣಾಂಶದ ಇಂಜೆಕ್ಷನ್ ಕೊಟ್ಟು ನೋಡಿದರು. ಅನೇಕರ ಚಡಪಡಿಕೆ ನಿಂತಿತು. ವಿಶೇಷವೆಂದರೆ ರಕ್ತಹೀನತೆ ಇಲ್ಲದವರಲ್ಲಿಯೂ ಗುಣ ಕಂಡಿತು. ರಕ್ತದಲ್ಲಿ ಸಾಕಷ್ಟು ಇದ್ದರೂ ದೇಹದ ಇನ್ನೆಲ್ಲೋ ಕಬ್ಬಿಣಾಂಶ ಸಾಲದಾಗಿರಬಹುದು ಎಂಬುದು ಅವರ ಊಹೆಯಾಗಿತ್ತು. ಆ 'ಇನ್ನೆಲ್ಲೋ' ಎಂಬುದು ಎಲ್ಲಿ ಎಂದು ತಿಳಿಯಲು ಇನ್ನೂ ಸುಮಾರು ಐವತ್ತು ವರ್ಷ ಬೇಕಾಯಿತು.

2000ನೇ ಇಸವಿಯಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಅರ್ಲಿ ಮತ್ತು ಸಂಗಡಿಗರು ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವವನ್ನು ಪರೀಕ್ಷಿಸಿದರು. ರಕ್ತದಲ್ಲಿ ಕಬ್ಬಿಣಾಂಶದ ಮಟ್ಟ ಇತರರಂತೆಯೇ ಇದ್ದ ರೋಗಿಗಳಲ್ಲೂ ಆ ದ್ರವದಲ್ಲಿ ಅದರ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಎಂಬ ವಸ್ತು ಕಡಮೆಯಿತ್ತು. 2003ರಲ್ಲಿ ಜೇಮ್ಸ್ ಕಾನರ್ ಅವರ ತಂಡ, ಮರಣಾನಂತರ ದಾನವಾಗಿ ಬಂದ ಇಂಥ ರೋಗಿಗಳ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ನರಕೋಶಗಳು ಸತ್ತಿರಲಿಲ್ಲ, ಹಾಳಾಗಿರಲಿಲ್ಲ. ಆದರೆ ಚಲನೆಯನ್ನು ನಿಯಂತ್ರಿಸುವ ಒಂದು ಭಾಗದಲ್ಲಿ ಕಬ್ಬಿಣಾಂಶ ಕಡಮೆಯಾಗಿತ್ತು. ಕೊರತೆ ಇದ್ದದ್ದು ಅಲ್ಲಿ.

ಮಿದುಳಿಗೆ ಕಬ್ಬಿಣವೇಕೆ?

ಕಬ್ಬಿಣಾಂಶ ಎಂದರೆ ಹಿಮೋಗ್ಲೋಬಿನ್, ಹಿಮೋಗ್ಲೋಬಿನ್ ಎಂದರೆ ಆಮ್ಲಜನಕದ ಸಾಗಣೆ. ಇಷ್ಟನ್ನು ನೀವು ಹೈಸ್ಕೂಲಿನಲ್ಲೇ ಓದಿರುತ್ತೀರಿ. ಮಿದುಳಿನಲ್ಲಿ ಅದಕ್ಕೆ ಬೇರೆ ಕೆಲಸಗಳೂ ಇವೆ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಡೋಪಮಿನ್ ಒಂದು. ನಾವು ಆಹಾರದಿಂದ ಪಡೆಯುವ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಮಿದುಳು ಇದನ್ನು ತಯಾರಿಸಿಕೊಳ್ಳುತ್ತದೆ. ಈ ತಯಾರಿಕೆಯ ಮೊದಲ ಹೆಜ್ಜೆಯನ್ನು ನಡೆಸುವ ಕಿಣ್ವ ಕಬ್ಬಿಣದ ಅಣು ಜೊತೆಗಿಲ್ಲದೆ ಕೆಲಸ ಮಾಡುವುದಿಲ್ಲ. ಹೀಗಾಗಿ ಕಬ್ಬಿಣಾಂಶ ಕಡಮೆಯಾದಾಗ ಡೋಪಮಿನ್ ವ್ಯವಸ್ಥೆಯ ಹದ ತಪ್ಪುತ್ತದೆ.

ಹದ ತಪ್ಪುತ್ತದೆ ಎಂದು ಹೇಳಿದೆನೇ ಹೊರತು, ಡೋಪಮಿನ್ ಕಡಮೆಯಾಗುತ್ತದೆ ಎನ್ನಲಿಲ್ಲ. ವಿಷಯ ಅಷ್ಟು ಸರಳವಾಗಿಲ್ಲ. ಡೋಪಮಿನ್‌ನ ಸುದ್ದಿಯನ್ನು ಸ್ವೀಕರಿಸುವ ಗ್ರಾಹಕಗಳಲ್ಲೂ ಬದಲಾವಣೆಯಾಗಿರುವುದು ಸಂಶೋಧನೆಗಳಿಂದ ತಿಳಿದುಬಂದಿದೆ. ರಾತ್ರಿಯೇ ಏಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರದ ಒಂದು ಎಳೆ ಸಿಗುತ್ತದೆ. ಡೋಪಮಿನ್‌ನ ಚಟುವಟಿಕೆ ದಿನದ ಎಲ್ಲ ಹೊತ್ತೂ ಒಂದೇ ಸಮನಾಗಿರುವುದಿಲ್ಲ. ಸಂಜೆಯಾದಂತೆ ಇಳಿಯುತ್ತದೆ, ಬೆಳಗಿನ ಹೊತ್ತಿಗೆ ಏರುತ್ತದೆ. ರಕ್ತದಲ್ಲಿ ಹರಿದಾಡುವ ಕಬ್ಬಿಣಾಂಶವೂ ಹಾಗೆಯೇ ರಾತ್ರಿ ತಗ್ಗುತ್ತದೆ. ಮೊದಲೇ ಅಂಚಿನಲ್ಲಿರುವ ವ್ಯವಸ್ಥೆ ಈ ಇಳಿತದ ಹೊತ್ತಿನಲ್ಲಿ ಜಾರುತ್ತದೆ. ಅದೇ ಕಾಲು ಬೆಳಗಿನ ಜಾವ ತಣ್ಣಗಾಗುವುದನ್ನು ಅನೇಕ ರೋಗಿಗಳು ಹೇಳುತ್ತಾರೆ.

ಕಣಜ ಮತ್ತು ಡಬ್ಬಿ

ಈಗ ಮುಖ್ಯ ವಿಷಯಕ್ಕೆ ಬರೋಣ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿದೆ ಎಂದಾಗ ಕಬ್ಬಿಣಾಂಶದ ಕೊರತೆ ಇಲ್ಲವೆಂದು ನಾವು ತಿಳಿಯುತ್ತೇವೆ. ಅದು ಪೂರ್ತಿ ನಿಜವಲ್ಲ.

ಹಳ್ಳಿಯ ಮನೆಯೊಂದನ್ನು ನೆನಪಿಸಿಕೊಳ್ಳಿ. ವರ್ಷದ ಭತ್ತ ಕಣಜದಲ್ಲಿರುತ್ತದೆ. ದಿನದ ಅಡುಗೆಗೆ ಬೇಕಾದ ಅಕ್ಕಿ ಒಲೆಯ ಪಕ್ಕದ ಡಬ್ಬಿಯಲ್ಲಿರುತ್ತದೆ. ಡಬ್ಬಿ ಖಾಲಿಯಾಗುತ್ತ ಬಂದಂತೆ ಮನೆಯಾಕೆ ಕಣಜದಿಂದ ತೆಗೆದು, ಕುಟ್ಟಿಸಿ ತುಂಬುತ್ತಾಳೆ. ಮಳೆ ಕೈಕೊಟ್ಟ ವರ್ಷ ಮೊದಲು ಇಳಿಯುವುದು ಕಣಜ, ಡಬ್ಬಿಯಲ್ಲ. ಡಬ್ಬಿಯನ್ನು ನೋಡಿದವರಿಗೆ ಮನೆಯಲ್ಲಿ ಸಮೃದ್ಧಿಯೇ ಕಾಣುತ್ತದೆ. ಡಬ್ಬಿಯ ತಳ ಕಾಣುವ ಹೊತ್ತಿಗೆ ಕಣಜ ಬರಿದಾಗಿ ಎಷ್ಟೋ ದಿನವಾಗಿರುತ್ತದೆ.

ನಮ್ಮ ದೇಹದಲ್ಲಿ ಒಟ್ಟು ಮೂರರಿಂದ ನಾಲ್ಕು ಗ್ರಾಂ ಕಬ್ಬಿಣಾಂಶವಿದೆ. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲಿರುತ್ತದೆ. ಇದು ಡಬ್ಬಿ. ಯಕೃತ್ತು, ಅಸ್ಥಿಮಜ್ಜೆ ಮೊದಲಾದ ಕಡೆಗಳಲ್ಲಿ ಫೆರಿಟಿನ್ ಎಂಬ ಪ್ರೊಟೀನಿನೊಳಗೆ ಉಳಿದದ್ದರ ದೊಡ್ಡ ಪಾಲು ದಾಸ್ತಾನಾಗಿರುತ್ತದೆ. ಇದು ಕಣಜ. ಈ ಫೆರಿಟಿನ್‌ನ ಅಲ್ಪಾಂಶ ರಕ್ತಕ್ಕೂ ಬಂದು ಸೇರುತ್ತದೆ. ರಕ್ತದಲ್ಲಿ ಅದನ್ನು ಅಳೆದರೆ ಕಣಜದಲ್ಲಿ ಎಷ್ಟಿದೆ ಎಂದು ಅಂದಾಜು ಮಾಡಬಹುದು. ಲೀಟರ್ ರಕ್ತದ್ರವದಲ್ಲಿ ಒಂದು ಮೈಕ್ರೋಗ್ರಾಂ ಫೆರಿಟಿನ್ ಇದ್ದರೆ, ದಾಸ್ತಾನಿನಲ್ಲಿ ಸುಮಾರು 8 ಮಿಲಿಗ್ರಾಂ ಕಬ್ಬಿಣಾಂಶ ಇದೆ ಎಂಬುದು ಸ್ಥೂಲ ಲೆಕ್ಕ. ಪ್ರಯೋಗಾಲಯದ ವರದಿಯಲ್ಲಿ ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದು ಬರೆದಿದ್ದರೂ ಸಂಖ್ಯೆ ಅದೇ.

ಇಲ್ಲಿ ಇನ್ನೊಂದು ತೊಡಕಿದೆ. ವರದಿಯಲ್ಲಿ ಫೆರಿಟಿನ್‌ನ ಪಕ್ಕದಲ್ಲಿ ಸಾಮಾನ್ಯ ಮಿತಿ ಎಂದು ಅಚ್ಚಾಗಿರುವ ಅಂಕಿಯ ಕೆಳತುದಿ ಹೆಂಗಸರಿಗೆ ಎಷ್ಟೋ ಕಡೆ ಹತ್ತು ಹದಿನೈದರ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ಮೇಲಿದ್ದರೆ ರಕ್ತದ ತಯಾರಿಕೆಗೆ ತಕ್ಷಣ ತೊಂದರೆಯಿಲ್ಲ ಎಂದಷ್ಟೇ ಅರ್ಥ. ಚಡಪಡಿಸುವ ಕಾಲುಗಳ ತೊಂದರೆ ಇದ್ದವರಿಗೆ ಆ ಅಳತೆ ಸಾಲದು. ಫೆರಿಟಿನ್ 75 ಅಥವಾ ಅದಕ್ಕಿಂತ ಕಡಮೆ ಇದ್ದರೆ ಕಬ್ಬಿಣಾಂಶ ಕೊಟ್ಟು ನೋಡಬೇಕು ಎಂಬುದು ಈಗ ತಜ್ಞರ ಶಿಫಾರಸು. ಹದಿನೈದಕ್ಕೂ ಎಪ್ಪತ್ತೈದಕ್ಕೂ ನಡುವೆ ಇರುವ ಈ ಅಂತರದಲ್ಲಿಯೇ ಎಷ್ಟೋ ಮಂದಿ ನಿಮ್ಮ ವರದಿ ನಾರ್ಮಲ್ ಎಂಬ ಮಾತು ಕೇಳಿ ಮನೆಗೆ ಮರಳಿ, ಮತ್ತೆ ರಾತ್ರಿಯೆಲ್ಲ ನಡೆದಾಡುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ

ಇಪ್ಪತ್ತು ವರ್ಷದ ಒಬ್ಬ ಪದವಿ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಇದು ಯಾರೊಬ್ಬರ ಕಥೆಯೂ ಅಲ್ಲ, ಲೆಕ್ಕ ತಿಳಿಯಲೆಂದು ಕಟ್ಟಿಕೊಂಡ ಉದಾಹರಣೆ. ಹಾಸ್ಟೆಲಿನಲ್ಲಿದ್ದಾಳೆ, ಸಸ್ಯಾಹಾರಿ, ಊಟ ತಿಂಡಿಯ ಜೊತೆಗೇ ಕಾಫಿ ಅಥವಾ ಚಹಾ ಕುಡಿಯುವ ರೂಢಿ. ಸೇವಾ ಮನೋಭಾವದ ಹುಡುಗಿ, ಕಾಲೇಜಿನ ಶಿಬಿರಗಳಲ್ಲಿ ಒಂದು ವರ್ಷದಲ್ಲಿ ಎರಡು ಬಾರಿ ರಕ್ತದಾನ ಮಾಡಿದ್ದಾಳೆ. ದಾನಕ್ಕೆ ಮುಂಚೆ ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕೆಂಬುದು ನಮ್ಮ ದೇಶದ ನಿಯಮ. ಅವಳದು 12.6 ಇತ್ತು, ಹೀಗಾಗಿ ಅಡ್ಡಿಯಾಗಲಿಲ್ಲ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ನಡೆಯಿತು. ಆದರೆ ಪರೀಕ್ಷೆ ನೋಡಿದ್ದು ಡಬ್ಬಿಯನ್ನು.

ಒಮ್ಮೆಗೆ 350 ಮಿಲಿಲೀಟರ್ ರಕ್ತ ಕೊಟ್ಟಳು. 100 ಮಿಲಿಲೀಟರಿಗೆ 12.6 ಗ್ರಾಂನಂತೆ ಅದರಲ್ಲಿ 44 ಗ್ರಾಂ ಹಿಮೋಗ್ಲೋಬಿನ್ ಹೋಯಿತು. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ 3.4 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಗುಣಿಸಿದರೆ ಸುಮಾರು 150 ಮಿಲಿಗ್ರಾಂ. ಎರಡು ಸಲಕ್ಕೆ 300. ದೇಹ ಈ ನಷ್ಟವನ್ನು ಕಣಜದಿಂದ ತುಂಬಿಕೊಂಡಿತು. ಆಹಾರದಿಂದ ನಾವು ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಅದು ಬಹುಮಟ್ಟಿಗೆ ದಿನನಿತ್ಯದ ನಷ್ಟಕ್ಕೂ ತಿಂಗಳ ಸ್ರಾವಕ್ಕೂ ಸರಿಹೋಗುತ್ತದೆ. ಕಣಜಕ್ಕೆ ಹೊಸದಾಗಿ ಬೀಳುವುದು ಅತ್ಯಲ್ಪ.

ಕೆಲವು ತಿಂಗಳ ಬಳಿಕ ರಾತ್ರಿ ಕಾಲಿನ ಚಡಪಡಿಕೆ ಶುರುವಾಗುತ್ತದೆ. ನಿದ್ದೆ ಬರಲೆಂದು ಔಷಧಿ ಅಂಗಡಿಯಿಂದ ತಾನೇ ಒಂದು ಮಾತ್ರೆ ತರುತ್ತಾಳೆ. ಸೀನು, ನೆಗಡಿಗೆಂದು ಕೊಡುವ, ಮಂಪರು ತರುವ ಮಾತ್ರೆ ಅದು. ಅದರಿಂದ ಕಾಲಿನ ಉಪಟಳ ಇನ್ನೂ ಹೆಚ್ಚುತ್ತದೆ. ಇದು ಆಕಸ್ಮಿಕವಲ್ಲ. ಮಂಪರು ತರುವ ಹಳೆಯ ಬಗೆಯ ಅಲರ್ಜಿ ಮಾತ್ರೆಗಳು, ವಾಂತಿ ತಡೆಯುವ ಕೆಲವು ಔಷಧಿಗಳು, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಈ ತೊಂದರೆಯನ್ನು ಕೆರಳಿಸುತ್ತವೆ ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತು. ಹಾಗೆಂದು ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಅವರಿಗೆ ಕಾಲಿನ ವಿಷಯ ತಿಳಿಸಿ, ಬದಲಿ ಇದೆಯೇ ಎಂದು ಕೇಳಿ.

ಕೊನೆಗೆ ವೈದ್ಯರು ಫೆರಿಟಿನ್ ಪರೀಕ್ಷೆ ಮಾಡಿಸುತ್ತಾರೆ. ಹಿಮೋಗ್ಲೋಬಿನ್ 12.3, ಫೆರಿಟಿನ್ 18. ಅಚ್ಚಾದ ಮಿತಿಯ ಪ್ರಕಾರ ಎರಡೂ ಸಾಮಾನ್ಯವೇ. ಆದರೆ ಕಣಜದ ಲೆಕ್ಕ ನೋಡಿ: 18ನ್ನು 8ರಿಂದ ಗುಣಿಸಿದರೆ 144 ಮಿಲಿಗ್ರಾಂ. ಎಪ್ಪತ್ತೈದಕ್ಕೆ ಏರಿಸಬೇಕಾದರೆ ಇನ್ನೂ 57 ಅಂಕ ಬೇಕು, ಅಂದರೆ ಸುಮಾರು 450 ಮಿಲಿಗ್ರಾಂ ಕಬ್ಬಿಣಾಂಶ ದೇಹದೊಳಗೆ ಹೋಗಿ ಉಳಿಯಬೇಕು.

ಕಣಜ ತುಂಬಲು ಎಷ್ಟು ದಿನ?

60 ಮಿಲಿಗ್ರಾಂ ಕಬ್ಬಿಣಾಂಶವಿರುವ ಮಾತ್ರೆಯನ್ನು ವೈದ್ಯರು ಆಕೆಗೆ ಎರಡು ದಿನಕ್ಕೊಮ್ಮೆ ಕೊಡುತ್ತಾರೆಂದು ಇಟ್ಟುಕೊಳ್ಳಿ. ನುಂಗಿದ್ದೆಲ್ಲ ಒಳಗೆ ಸೇರುವುದಿಲ್ಲ. ನೂರಕ್ಕೆ ಹದಿನೈದರಂತೆ ಹೀರಿಕೊಂಡರೂ ಒಂದು ಮಾತ್ರೆಯಿಂದ ಸಿಗುವುದು 9 ಮಿಲಿಗ್ರಾಂ, ದಿನಕ್ಕೆ ಸರಾಸರಿ ನಾಲ್ಕೂವರೆ. 450ನ್ನು ನಾಲ್ಕೂವರೆಯಿಂದ ಭಾಗಿಸಿದರೆ ನೂರು ದಿನ. ಮೂರು ತಿಂಗಳ ಮೇಲೆ ಹತ್ತು ದಿನ! ಹದಿನೈದು ದಿನ ಮಾತ್ರೆ ನುಂಗಿ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವವರು ಎಲ್ಲಿ ತಪ್ಪುತ್ತಾರೆಂದು ಈ ಲೆಕ್ಕವೇ ಹೇಳುತ್ತದೆ.

ಹಾಗಾದರೆ ದಿನಕ್ಕೆರಡು ನುಂಗಿದರೆ ಬೇಗ ತುಂಬುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಕರುಳಿನಿಂದ ಕಬ್ಬಿಣಾಂಶ ರಕ್ತಕ್ಕೆ ಸೇರುವ ಬಾಗಿಲನ್ನು ಕಾಯುವ ಕಾವಲುಗಾರ ಅದು. ಒಂದು ಮಾತ್ರೆ ನುಂಗಿದೊಡನೆ ಹೆಪ್ಸಿಡಿನ್ ಏರಿ, ಸುಮಾರು ಒಂದು ದಿನದವರೆಗೆ ಬಾಗಿಲು ಅರ್ಧ ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ನುಂಗಿದ ಎರಡನೆಯ ಮಾತ್ರೆಯ ಹೆಚ್ಚು ಪಾಲು ಕರುಳಿನಲ್ಲೇ ಉಳಿದು, ಹೊಟ್ಟೆ ತೊಳಸುವುದಕ್ಕೂ ಮಲಬದ್ಧತೆಗೂ ದಾರಿಯಾಗುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಕೊಟ್ಟರೆ ಪ್ರತಿ ಮಾತ್ರೆಯಿಂದ ಹೆಚ್ಚು ಪಾಲು ಒಳಸೇರುತ್ತದೆ ಎಂದು ಸ್ವಿಟ್ಜರ್ಲೆಂಡಿನಲ್ಲಿ ಯುವತಿಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ದಿನಕ್ಕೊಂದೇ ಅಥವಾ ದಿನ ಬಿಟ್ಟು ದಿನವೇ ಎಂಬುದನ್ನು ನಿಮ್ಮ ವೈದ್ಯರು ನಿರ್ಧರಿಸಲಿ.

ಮಾತ್ರೆಯ ಜೊತೆ ಏನು ಸೇರುತ್ತದೆ ಎಂಬುದೂ ಮುಖ್ಯ. ಚಹಾ ಮತ್ತು ಕಾಫಿಯಲ್ಲಿರುವ ಒಗರು ಪದಾರ್ಥಗಳು ಕಬ್ಬಿಣಾಂಶವನ್ನು ಹಿಡಿದು ಕರುಳು ಹೀರದಂತೆ ಮಾಡುತ್ತವೆ. ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಿಯೇ. ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ವಿಟಮಿನ್ ಸಿ ಸಹಾಯಕ. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನಿಂಬೆ ಪಾನಕದೊಡನೆ ತೆಗೆದುಕೊಂಡು, ಕಾಫಿಗೆ ಎರಡು ಗಂಟೆ ಅಂತರ ಕೊಟ್ಟರೆ ಒಳ್ಳೆಯದು. ನಮ್ಮ ರಾಗಿ ಮುದ್ದೆಯಲ್ಲಿ, ಸೊಪ್ಪಿನ ಸಾರಿನಲ್ಲಿ ಕಬ್ಬಿಣಾಂಶ ಇದ್ದೇ ಇದೆ. ಆದರೆ ಧಾನ್ಯ ಸೊಪ್ಪುಗಳ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರುವುದಿಲ್ಲ. ಸಾರಿಗೆ ನಿಂಬೆ ಹಿಂಡಿಕೊಳ್ಳುವುದು, ಕಾಳನ್ನು ಮೊಳಕೆ ಕಟ್ಟಿ ಬಳಸುವುದು ಇದಕ್ಕೆ ನೆರವಾಗುತ್ತದೆ. ಇಂಥ ಊಟ ಕಣಜ ಬರಿದಾಗದಂತೆ ಕಾಯಬಲ್ಲದು. ಬರಿದಾದ ಕಣಜವನ್ನು ಊಟದಿಂದಲೇ ತುಂಬುವುದು ಬಹಳ ನಿಧಾನ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ 60 ಮಿಲಿಗ್ರಾಂನ ನೀಲಿ ಮಾತ್ರೆಯ ಉದ್ದೇಶವೂ ಕಾಯುವುದೇ. ಅದನ್ನು ಚಿಕಿತ್ಸೆ ಎಂದು ತಿಳಿಯಬಾರದು.

ಮಾತ್ರೆ ಒಗ್ಗದವರಿಗೆ, ಕರುಳು ಹೀರದವರಿಗೆ, ತೊಂದರೆ ತೀವ್ರವಾಗಿರುವವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಡುವ ವಿಧಾನವಿದೆ. ನಾರ್ಡ್‌ಲಾಂಡರ್ ಮಾಡಿದ್ದು ಇದನ್ನೇ. ಇಂದಿನ ಔಷಧಿಗಳು ಅಂದಿನವುಗಳಿಗಿಂತ ಸುರಕ್ಷಿತ. ಆದರೂ ಅದು ವೈದ್ಯರ ಕಣ್ಣೆದುರಿನಲ್ಲೇ ಆಗಬೇಕು.

ಪರೀಕ್ಷೆಗೂ ಒಂದು ಮಿತಿ

ಫೆರಿಟಿನ್ ಪರೀಕ್ಷೆ ನಮ್ಮನ್ನು ಏಮಾರಿಸುವ ಸಂದರ್ಭ ಒಂದಿದೆ. ಜ್ವರ, ಸೋಂಕು, ಉರಿಯೂತ ಇದ್ದಾಗ ದಾಸ್ತಾನು ಹೆಚ್ಚದಿದ್ದರೂ ಫೆರಿಟಿನ್ ಏರುತ್ತದೆ. ಕಳೆದ ವಾರವಷ್ಟೇ ಡೆಂಗ್ಯೂ ಬಂದು ಹೋದವರ ಫೆರಿಟಿನ್ ನೂರೈವತ್ತು ಬಂದರೆ ಅದನ್ನು ಹಾಗೆಯೇ ನಂಬುವಂತಿಲ್ಲ. ಆದ್ದರಿಂದ ಆರೋಗ್ಯ ಸರಿಯಿರುವಾಗ, ಬೆಳಗಿನ ಖಾಲಿ ಹೊಟ್ಟೆಯಲ್ಲಿ, ಹಿಂದಿನ ದಿನ ಕಬ್ಬಿಣಾಂಶದ ಮಾತ್ರೆ ನುಂಗದೆ ಪರೀಕ್ಷೆ ಮಾಡಿಸುವುದು ಸೂಕ್ತ. ರಕ್ತದಲ್ಲಿ ಕಬ್ಬಿಣಾಂಶವನ್ನು ಹೊತ್ತೊಯ್ಯುವ ಟ್ರಾನ್ಸ್‌ಫೆರಿನ್ ಎಂಬ ಪ್ರೊಟೀನ್ ನೂರಕ್ಕೆ ಎಷ್ಟು ಪಾಲು ತುಂಬಿದೆ ಎಂಬುದನ್ನೂ ಜೊತೆಯಲ್ಲೇ ನೋಡುತ್ತಾರೆ. ಅದು ಇಪ್ಪತ್ತಕ್ಕಿಂತ ಕಡಮೆಯಿದ್ದರೂ ಕೊರತೆಯೆಂದೇ ಭಾವಿಸುತ್ತಾರೆ.

ಪರೀಕ್ಷೆಯಿಲ್ಲದೆ ನೇರವಾಗಿ ಮಾತ್ರೆ ನುಂಗಿದರಾಗದೇ? ಆಗದು. ಕಬ್ಬಿಣಾಂಶ ಹೆಚ್ಚಾದರೆ ಅದನ್ನು ಹೊರಹಾಕುವ ದಾರಿ ನಮ್ಮ ದೇಹಕ್ಕಿಲ್ಲ. ಅದು ಯಕೃತ್ತು, ಹೃದಯಗಳಲ್ಲಿ ಕೂಡಿಕೊಂಡು ಹಾನಿ ಮಾಡುತ್ತದೆ. ಥಲಸ್ಸೀಮಿಯಾ ಎಂಬ ಆನುವಂಶಿಕ ದೋಷದ ಸೌಮ್ಯ ರೂಪ ಇರುವವರ ಹಿಮೋಗ್ಲೋಬಿನ್ ಕಡಮೆಯಿದ್ದರೂ ಕಣಜ ತುಂಬಿಯೇ ಇರಬಹುದು. ಅಂಥವರಿಗೆ ಮಾತ್ರೆಯಿಂದ ಉಪಯೋಗವಿಲ್ಲ. ಇನ್ನೊಂದು ಮಾತು. ಗಂಡು ಹುಡುಗರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಫೆರಿಟಿನ್ ಕಡಮೆ ಬಂದರೆ, ರಕ್ತ ಎಲ್ಲಿ ಸೋರುತ್ತಿದೆ ಎಂದು ಮೊದಲು ಹುಡುಕಬೇಕು. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಿಗೆ ಅಂಟುವ ಕೊಕ್ಕೆಹುಳು, ಇವೆಲ್ಲ ಸದ್ದಿಲ್ಲದೆ ರಕ್ತ ಕದಿಯುತ್ತವೆ. ಕಣಜದ ತಳದಲ್ಲಿ ಹೆಗ್ಗಣದ ಬಿಲವಿದ್ದರೆ ಮೇಲಿನಿಂದ ಎಷ್ಟು ಸುರಿದರೇನು?

ಕಬ್ಬಿಣವೇ ಎಲ್ಲಕ್ಕೂ ಕಾರಣವಲ್ಲ

ಕಬ್ಬಿಣಾಂಶ ಕಡಮೆಯಿರುವ ಎಲ್ಲರಿಗೂ ಕಾಲು ಚಡಪಡಿಸುವುದಿಲ್ಲ. ಹಾಗೆಯೇ ಚಡಪಡಿಸುವವರೆಲ್ಲರ ಕಣಜವೂ ಬರಿದಾಗಿರುವುದಿಲ್ಲ. ಈ ತೊಂದರೆ ಮನೆತನದಲ್ಲಿ ಹರಿದು ಬರುವುದುಂಟು. ಅಜ್ಜಿಗೂ ಸೋದರತ್ತೆಗೂ ಇತ್ತೆಂದು ಹೇಳುವವರು ಬಹಳ. ಇದಕ್ಕೆ ಸಂಬಂಧಿಸಿದ ಜೀನುಗಳನ್ನು 2007ರಲ್ಲಿ ಮೊದಲ ಬಾರಿಗೆ ಗುರುತಿಸಲಾಯಿತು. ಅಂಥವರಲ್ಲಿ ರಕ್ತದಲ್ಲಿರುವ ಕಬ್ಬಿಣಾಂಶ ಮಿದುಳಿಗೆ ದಾಟುವ ದಾರಿಯಲ್ಲೇ ತೊಡಕಿರಬಹುದು. ಮೂತ್ರಪಿಂಡದ ದೀರ್ಘ ಕಾಯಿಲೆ ಇರುವವರಲ್ಲೂ ಇದು ಸಾಮಾನ್ಯ. ಗರ್ಭಿಣಿಯರಲ್ಲಿ ಕೊನೆಯ ಮೂರು ತಿಂಗಳಲ್ಲಿ ಕಾಣಿಸಿಕೊಂಡು, ಹೆರಿಗೆಯ ಬಳಿಕ ಬಹುಪಾಲು ಮಂದಿಯಲ್ಲಿ ತಾನಾಗಿ ಹೋಗುತ್ತದೆ.

ಕಬ್ಬಿಣಾಂಶ ಸರಿಯಾಗಿದ್ದೂ ನಿದ್ದೆ ಕೆಡುತ್ತಿದ್ದರೆ ವೈದ್ಯರ ಬಳಿ ಬೇರೆ ಔಷಧಿಗಳಿವೆ. ಬಹಳ ವರ್ಷ ಡೋಪಮಿನ್‌ನಂತೆ ವರ್ತಿಸುವ ಮಾತ್ರೆಗಳನ್ನೇ ಮೊದಲು ಕೊಡುತ್ತಿದ್ದರು. ಅವು ಆರಂಭದಲ್ಲಿ ಅದ್ಭುತವಾಗಿ ಕೆಲಸ ಮಾಡುತ್ತವೆ. ಆದರೆ ವರ್ಷಗಟ್ಟಲೆ ನುಂಗಿದ ಅನೇಕರಲ್ಲಿ ತೊಂದರೆ ರಾತ್ರಿಯಿಂದ ಮಧ್ಯಾಹ್ನಕ್ಕೆ, ಕಾಲಿನಿಂದ ಕೈಗೆ ಹರಡಿದ್ದು ಕಂಡುಬಂತು. ಆದ್ದರಿಂದ ಈಗ ಅವುಗಳ ಬಳಕೆಯಲ್ಲಿ ಎಚ್ಚರ ವಹಿಸುತ್ತಾರೆ. ಕಬ್ಬಿಣಾಂಶವನ್ನು ಮೊದಲು ನೋಡಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಉದಾಹರಣೆಯ ವಿದ್ಯಾರ್ಥಿನಿಯ ವಿಷಯಕ್ಕೆ ಬಂದರೆ, ಮೂರು ತಿಂಗಳ ಬಳಿಕ ಅವಳು ಫೆರಿಟಿನ್ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಅಂಕಿ ಏರಿ ಕಾಲು ತಣ್ಣಗಾಗಿದ್ದರೆ ಕಾರಣ ಸಿಕ್ಕಂತೆ. ಅಂಕಿ ಏರದಿದ್ದರೆ ಮಾತ್ರೆ ಒಳಸೇರುತ್ತಿಲ್ಲ ಅಥವಾ ರಕ್ತ ಎಲ್ಲೋ ಸೋರುತ್ತಿದೆ. ಅಂಕಿ ಏರಿಯೂ ಕಾಲು ಚಡಪಡಿಸುತ್ತಿದ್ದರೆ ಬೇರೆ ಚಿಕಿತ್ಸೆ ಬೇಕು. ರಕ್ತದಾನವನ್ನು ಅವಳು ಶಾಶ್ವತವಾಗಿ ಬಿಡಬೇಕಾಗಿಲ್ಲ. ಕಣಜ ತುಂಬಿದ ಮೇಲೆ, ವೈದ್ಯರನ್ನು ಕೇಳಿ ಮುಂದುವರಿಸಬಹುದು.

ನಿಮಗೂ ಇಂಥ ಅನುಭವವಿದ್ದರೆ ಒಂದು ವಾರ ಚಿಕ್ಕ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ನಡೆದರೆ ಹೋಯಿತೇ, ಎಷ್ಟು ಹೊತ್ತಿಗೆ ನಿದ್ದೆ ಬಂತು, ಅಂದು ಯಾವ ಮಾತ್ರೆ ನುಂಗಿದ್ದಿರಿ. ಆ ಪುಟವನ್ನು ವೈದ್ಯರ ಮುಂದಿಡಿ. ಹಿಮೋಗ್ಲೋಬಿನ್ ಮಾತ್ರ ನೋಡಿ ಸರಿಯಿದೆ ಎಂದರೆ, ಫೆರಿಟಿನ್ ಕೂಡ ನೋಡಬಹುದೇ ಎಂದು ವಿನಯದಿಂದ ಕೇಳಿ. ಉತ್ತರ ಬಂದಾಗ ಸಾಮಾನ್ಯ ಎಂಬ ಪದವನ್ನಷ್ಟೇ ಕೇಳಿ ಏಳಬೇಡಿ, ಅಂಕಿ ಎಷ್ಟೆಂದು ಬರೆದುಕೊಳ್ಳಿ.